‘ನನ್ನ ಜ್ವರ ಬಂತು’: ಒಂಬತ್ತು ವಾಕ್ಯಗಳನ್ನು ತಿದ್ದಿದ ಒಂದು ಪ್ರಕರಣ

ಉಡುಪಿಯಲ್ಲಿ ಕೆಲಸಕ್ಕೆಂದು ಹೊರರಾಜ್ಯಗಳಿಂದ ಬಂದು ನೆಲೆಸಿದವರಿಗೆ ನಾನು ಸಂಜೆಯ ಹೊತ್ತು ಕನ್ನಡ ಹೇಳಿಕೊಡುತ್ತೇನೆ. ಅವರಲ್ಲಿ ಒಬ್ಬರು ಕೋಲ್ಕತ್ತಾದವರು, ಮಣಿಪಾಲದಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಕೆಲಸ ಮಾಡುವ ಯುವತಿ. ನಾಲ್ಕು ತಿಂಗಳ ಕಲಿಕೆಯಲ್ಲಿ ಲಿಪಿಯನ್ನು ಚೆನ್ನಾಗಿಯೇ ರೂಢಿಸಿಕೊಂಡಿದ್ದ ಅವರು ಯಾರ ಸಹಾಯವೂ ಇಲ್ಲದೆ ಮೊದಲ ಬಾರಿಗೆ ಒಂದು ಇಡೀ ಪ್ಯಾರಾ ಬರೆದು ತಂದರು. ನನಗೆ ಬಂಗಾಳಿ ಬಾರದು, ಅವರಿಗೆ ವ್ಯಾಕರಣದ ವಿವರಣೆಯನ್ನು ಕನ್ನಡದಲ್ಲಿ ಕೇಳಿ ತಿಳಿಯುವಷ್ಟು ಕನ್ನಡ ಇನ್ನೂ ಬಂದಿರಲಿಲ್ಲ. ಆದ್ದರಿಂದ ತಿದ್ದಿದ ಪ್ರತಿಯೊಂದು ತಪ್ಪಿಗೂ ಕಾರಣವನ್ನು ಇಂಗ್ಲಿಷಿನಲ್ಲಿಯೇ ಹೇಳಬೇಕಿತ್ತು. ಆ ವಿವರಣೆ ಎಲ್ಲೆಲ್ಲಿ ಕೈಗೂಡಿತು, ಎಲ್ಲೆಲ್ಲಿ ಇಂಗ್ಲಿಷೇ ಅಡ್ಡ ನಿಂತಿತು ಎಂಬುದನ್ನು ದಾಖಲಿಸುವ ಸಲುವಾಗಿ ಈ ಒಂದು ಪ್ಯಾರಾವನ್ನು ಪೂರ್ತಿಯಾಗಿ ಇಲ್ಲಿ ಬಿಡಿಸಿಡುತ್ತಿದ್ದೇನೆ.

ಅವರು ಬರೆದು ತಂದದ್ದು ಹೀಗಿತ್ತು:

“ಹೋದ ಬಾರ ನಾನು ಮಲ್ಪೆಗೆ ಹೋದೆ. ನನ್ನ ಓನರ್ ಅಮ್ಮ ಸಹ ಬಂದನು. ಅಲ್ಲಿ ತುಂಬಾ ಮೀನು ಉಂಟು. ನಾನು ಮೀನು ಬೇಕು, ಆದರೆ ಅಮ್ಮ ಇದು ತಾಜಾ ಮೀನು ಇಲ್ಲ ಎಂದು ಹೇಳಿದನು. ನಾವು ಸಮುದ್ರ ನೋಡಿದೆವು ಮತ್ತು ಚಾ ಕುಡಿದೆವು ಮತ್ತು ಬಸ್ಸು ಹತ್ತಿದೆವು. ಆಗ ಮಲೆ ಬಂತು. ನಾನು ಕೊಡೆ ಇಲ್ಲ. ಮನೆಗೆ ಬಂದ ಮೇಲೆ ನನ್ನ ಜ್ವರ ಬಂತು. ಈಗ ನನ್ನ ಜ್ವರ ಅಲ್ಲ.”

ಒಂಬತ್ತು ವಾಕ್ಯಗಳಲ್ಲಿ ಹದಿನಾಲ್ಕು ಕಡೆ ಪೆನ್ನು ಇಡಬೇಕಾಗಿತ್ತು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದೊಂದನ್ನೇ ಕೆಂಪು ಶಾಯಿಯಲ್ಲಿ ತಿದ್ದಿ ಕೊಟ್ಟಿದ್ದರೆ ಅವರಿಗೆ ಹದಿನಾಲ್ಕು ತಪ್ಪುಗಳು ಕಾಣುತ್ತಿದ್ದವು. ಪೆನ್ನು ಎತ್ತಿಕೊಳ್ಳುವ ಮೊದಲು ನಾನು ಅವನ್ನು ಒಂದು ಬೇರೆ ಹಾಳೆಯಲ್ಲಿ ಕಾರಣಗಳ ಪ್ರಕಾರ ಗುಂಪು ಮಾಡಿ ನೋಡಿದೆ. ಆಗ ಉಳಿದದ್ದು ಆರೇ ಸಂಗತಿಗಳು: ಎರಡು ಕಡೆ ಧ್ವನಿ, ಎರಡು ಕಡೆ ಕ್ರಿಯಾಪದದ ಕೊನೆ, ನಾಲ್ಕು ಕಡೆ ‘ನಾನು, ನನ್ನ, ನನಗೆ’ ಎಂಬ ರೂಪಗಳ ಆಯ್ಕೆ, ಮೂರು ಕಡೆ ಕಾಲ, ಎರಡು ಕಡೆ ‘ಇಲ್ಲ’ ಮತ್ತು ‘ಅಲ್ಲ’, ಒಂದು ಕಡೆ ವಾಕ್ಯಗಳ ಜೋಡಣೆ. ಇವುಗಳಲ್ಲಿ ಅರ್ಥವನ್ನು ಅಥವಾ ಮರ್ಯಾದೆಯನ್ನು ಕೆಡಿಸುವಂಥದ್ದನ್ನು ಮೊದಲಿಗೂ, ಕೇಳುವವರಿಗೆ ಅರ್ಥವಾಗಿಯೂ ಕಿವಿಗೆ ಚುಚ್ಚುವಂಥದ್ದನ್ನು ಆಮೇಲೂ ಎತ್ತಿಕೊಳ್ಳುವುದೆಂದು ನಿಶ್ಚಯಿಸಿದೆ.

ಓನರ್ ಅಮ್ಮನಿಂದ ಪ್ರಾರಂಭಿಸಿದೆ, ಏಕೆಂದರೆ ‘ಅಮ್ಮ ಬಂದನು’ ಎಂದು ಆ ಹಿರಿಯರ ಎದುರಿನಲ್ಲಿಯೇ ಹೇಳಿಬಿಟ್ಟರೆ ಅವರಿಗೂ ಕಸಿವಿಸಿ, ಇವರಿಗೂ ನಾಚಿಕೆ. ತಪ್ಪಿನ ಮೂಲ ಸ್ಪಷ್ಟವಿತ್ತು. ಕ್ರಿಯಾಪದಗಳ ಪಟ್ಟಿಯನ್ನು ಬಾಯಿಪಾಠ ಮಾಡುವವರಿಗೆ ಪ್ರಥಮ ಪುರುಷದಲ್ಲಿ ಮೊದಲು ಸಿಗುವ ರೂಪ ‘ಬಂದನು’. ಬಂಗಾಳಿಯಲ್ಲಿ ಬಂದವರು ಗಂಡಸಾಗಲಿ, ಹೆಂಗಸಾಗಲಿ ಕ್ರಿಯಾಪದ ಬದಲಾಗುವುದಿಲ್ಲ, ಇಂಗ್ಲಿಷಿನಲ್ಲಿಯೂ ಬದಲಾಗುವುದಿಲ್ಲ. ಹೀಗಾಗಿ ಪಟ್ಟಿಯ ಮೊದಲನೆಯ ರೂಪವೇ ಎಲ್ಲರಿಗೂ ಸಲ್ಲುತ್ತದೆ ಎಂದು ಅವರು ಹಿಡಿದಿದ್ದರು. ಕ್ರಿಯಾಪದದ ಕೊನೆಯಲ್ಲಿ ಬಂದವರು ಯಾರೆಂಬುದು ಇನ್ನೊಮ್ಮೆ ಕಾಣಿಸಿಕೊಳ್ಳುತ್ತದೆ ಎಂದು ಇಂಗ್ಲಿಷಿನಲ್ಲಿ ವಿವರಿಸಿದ ಕೂಡಲೇ ಅವರು ತಾವಾಗಿಯೇ ‘ಬಂದಳು’ ಎಂದು ತಿದ್ದಿದರು. ವ್ಯಾಕರಣದ ದೃಷ್ಟಿಯಿಂದ ಅದು ಸರಿ. ಆದರೆ ಬಾಡಿಗೆಗೆ ಮನೆ ಕೊಟ್ಟ, ವಯಸ್ಸಿನಲ್ಲಿ ಹಿರಿಯರಾದ ಹೆಂಗಸಿನ ಕುರಿತು ‘ಬಂದಳು’ ಎನ್ನುವುದು ‘ಬಂದನು’ ಎಂಬುದಕ್ಕಿಂತಲೂ ಕೆಟ್ಟದ್ದು. ‘ಬಂದನು’ ಎಂದರೆ ಭಾಷೆ ಬಾರದವರೆಂದು ಕ್ಷಮಿಸುತ್ತಾರೆ, ‘ಬಂದಳು’ ಎಂದರೆ ಮರ್ಯಾದೆ ಬಾರದವರೆಂದು ಎಣಿಸುವ ಸಾಧ್ಯತೆ ಇದೆ.

ಇಲ್ಲಿ ‘ಬಂದರು’ ಬರಬೇಕು ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು ಎಂಬಲ್ಲಿ ನಾನು ಒಮ್ಮೆ ಎಡವಿದೆ. ‘ಬಹುವಚನ ಬಳಸಿ’ ಎಂಬರ್ಥದ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದೆ. “ಒಬ್ಬರೇ ಅಲ್ಲವಾ ಮೇಡಂ ಬಂದದ್ದು?” ಎಂದು ಅವರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಇಂಗ್ಲಿಷಿನ ಬಹುವಚನದಲ್ಲಿ ಎಣಿಕೆ ಮಾತ್ರ ಇದೆ, ಗೌರವ ಇಲ್ಲ. ಆದ್ದರಿಂದ ಆ ಪದವನ್ನು ಅಲ್ಲಿಗೇ ಬಿಟ್ಟು, ನಿಮ್ಮ ಭಾಷೆಯಲ್ಲಿ ತಮ್ಮ ಬಂದ ಎಂಬುದನ್ನೂ ಗುರುಗಳು ಬಂದರು ಎಂಬುದನ್ನೂ ಹೇಳಿ ನೋಡಿ ಎಂದೆ. ತಮ್ಮನಿಗೆ ‘ಎಲೊ’ ಎಂದರು, ಗುರುಗಳಿಗೆ ‘ಎಲೆನ್’ ಎಂದರು. ಹಾಗೆ ಹೇಳುತ್ತಿದ್ದಂತೆಯೇ ಅವರ ಮುಖದಲ್ಲಿ ವಿಷಯ ಹೊಳೆದದ್ದು ನನಗೆ ಕಂಡಿತು. ಬಂಗಾಳಿಯಲ್ಲಿ ಗೌರವಕ್ಕೆ ಪ್ರತ್ಯೇಕ ರೂಪವಿದೆ, ಲಿಂಗಕ್ಕೆ ಇಲ್ಲ. ಕನ್ನಡದಲ್ಲಿ ಎರಡೂ ಇವೆ, ಮತ್ತು ಗೌರವ ಬಂದ ಕಡೆ ಲಿಂಗದ ಭೇದ ಹಿಂದಕ್ಕೆ ಸರಿಯುತ್ತದೆ. ಅಂಚಿನಲ್ಲಿ ನಾನು ಬರೆದ ಇಂಗ್ಲಿಷ್ ಟಿಪ್ಪಣಿಯೂ ಇಷ್ಟನ್ನೇ ಹೇಳುತ್ತಿತ್ತು: ನಿಮ್ಮ ಭಾಷೆಯಲ್ಲಿ ‘ಎಲೆನ್’ ಎನ್ನುವ ಎಲ್ಲ ಕಡೆಯೂ ಇಲ್ಲಿ ‘ಬಂದರು’ ಎನ್ನಿ. ಸ್ವಂತ ತಾಯಿಯ ಕುರಿತು ‘ಅಮ್ಮ ಬಂದಳು’ ಎನ್ನುವ ಮನೆಗಳು ನಮ್ಮಲ್ಲಿ ಬಹಳ ಇವೆ, ಅದು ಸಲಿಗೆಯ ಮಾತು ಎಂಬುದನ್ನೂ ಸೇರಿಸಿ ಹೇಳಿದೆ. ಇಲ್ಲದಿದ್ದರೆ ಅಂಥ ಮಾತು ಕಿವಿಗೆ ಬಿದ್ದ ದಿನ ನಾನು ಹೇಳಿಕೊಟ್ಟದ್ದರ ಮೇಲೆಯೇ ಅವರಿಗೆ ಸಂಶಯ ಬರುತ್ತಿತ್ತು.

ಈ ಒಂದು ಅನುಭವದಿಂದ ಉಳಿದ ತಪ್ಪುಗಳನ್ನು ನೋಡುವ ನನ್ನ ರೀತಿಯೇ ಬದಲಾಯಿತು. ವಿವರಣೆಯ ಭಾಷೆ ಇಂಗ್ಲಿಷ್ ಆಗಿದ್ದರೂ ಉದಾಹರಣೆಗಳು ಇಂಗ್ಲಿಷಿನವೇ ಆಗಬೇಕೆಂದಿಲ್ಲ. ನನಗೆ ಬಾರದ ಭಾಷೆಯ ಉದಾಹರಣೆಯನ್ನು ಕಲಿಯುವವರ ಬಾಯಿಂದಲೇ ಕೇಳಿ ಪಡೆಯಬಹುದು.

‘ಇಲ್ಲ’ ಮತ್ತು ‘ಅಲ್ಲ’ ಎಂಬಲ್ಲಿ ಇದು ಇನ್ನಷ್ಟು ಸ್ಪಷ್ಟವಾಯಿತು. ಅವರ ಪ್ಯಾರಾದಲ್ಲಿ ಈ ಎರಡೂ ಪದಗಳು ತಲೆಕೆಳಗಾಗಿದ್ದವು: ‘ತಾಜಾ ಮೀನಲ್ಲ’ ಎನ್ನಬೇಕಾದ ಕಡೆ ‘ಮೀನು ಇಲ್ಲ’ ಇತ್ತು, ‘ಜ್ವರ ಇಲ್ಲ’ ಎನ್ನಬೇಕಾದ ಕಡೆ ‘ಜ್ವರ ಅಲ್ಲ’ ಇತ್ತು. ಇವೆರಡರಿಂದಲೂ ಅರ್ಥ ನಿಜವಾಗಿಯೇ ಕೆಡುತ್ತದೆ. ‘ತಾಜಾ ಮೀನು ಇಲ್ಲ’ ಎಂದರೆ ಬುಟ್ಟಿ ಖಾಲಿ ಎಂದಾಗುತ್ತದೆ, ಆದರೆ ಓನರ್ ಅಮ್ಮ ಬುಟ್ಟಿಯಲ್ಲಿದ್ದ ಮೀನಿನ ಕಿವಿರು ಎತ್ತಿ ನೋಡಿ, ಅದು ಕಂದುಬಣ್ಣಕ್ಕೆ ತಿರುಗಿದ್ದನ್ನು ಕಂಡು ಬೇಡವೆಂದವರು. ‘ಜ್ವರ ಅಲ್ಲ’ ಎಂದರೆ ಜ್ವರವಲ್ಲ, ಬೇರೇನೋ ಕಾಯಿಲೆ ಎಂದಾಗುತ್ತದೆ, ಅದನ್ನು ಕೇಳಿದವರು ಗಾಬರಿಯಿಂದ ಮತ್ತೇನೆಂದು ವಿಚಾರಿಸಿಯಾರು. ಈ ಭೇದವನ್ನು ಇಂಗ್ಲಿಷಿನಲ್ಲಿ ಬಿಡಿಸಲು ಹೊರಟರೆ ಇರುವಿಕೆಯ ನಿರಾಕರಣೆ, ತಾದಾತ್ಮ್ಯದ ನಿರಾಕರಣೆ ಎಂಬಂಥ ಭಾರವಾದ ಪದಗಳು ಬೇಕಾಗುತ್ತವೆ, ಏಕೆಂದರೆ ಇಂಗ್ಲಿಷಿನ ‘ನಾಟ್’ ಎರಡಕ್ಕೂ ಸಲ್ಲುತ್ತದೆ. ನಾನು ಆ ದಾರಿ ಹಿಡಿಯಲಿಲ್ಲ. ಇದು ಮೀನಲ್ಲ, ಮನೆಯಲ್ಲಿ ಮೀನಿಲ್ಲ ಎಂಬ ಎರಡು ಮಾತುಗಳ ಭಾವವನ್ನು ಇಂಗ್ಲಿಷಿನಲ್ಲಿ ಹೇಳಿ, ಇವನ್ನು ನಿಮ್ಮ ಮನೆಯಲ್ಲಿ ಹೇಗೆ ಹೇಳುತ್ತೀರಿ ಎಂದು ಕೇಳಿದೆ. ಮೊದಲನೆಯದರ ಕೊನೆಯಲ್ಲಿ ‘ನೊಯ್’ ಬಂತು, ಎರಡನೆಯದರ ಕೊನೆಯಲ್ಲಿ ‘ನೇಇ’ ಬಂತು. ಹಾಗಾದರೆ ‘ನೊಯ್’ ಎಂದರೆ ‘ಅಲ್ಲ’, ‘ನೇಇ’ ಎಂದರೆ ‘ಇಲ್ಲ’ ಎಂದು ಅಂಚಿನಲ್ಲಿ ಬರೆದುಕೊಟ್ಟೆ. ನಾಲ್ಕು ತಿಂಗಳಿಂದ ಅವರನ್ನು ಕಾಡುತ್ತಿದ್ದ ಗೊಂದಲ ಐದು ನಿಮಿಷದೊಳಗೆ ತೀರಿತು. ಹುಟ್ಟಿದಂದಿನಿಂದ ತಮ್ಮಲ್ಲಿಯೇ ಇದ್ದ ಭೇದವನ್ನು, ಕನ್ನಡವನ್ನು ಇಂಗ್ಲಿಷಿನ ಮೂಲಕ ಯೋಚಿಸಿದ ಕಾರಣಕ್ಕೆ ಅವರು ಕಳೆದುಕೊಂಡಿದ್ದರು.

ಒಂದು ಎಚ್ಚರಿಕೆಯನ್ನು ಮಾತ್ರ ಕೊಡಬೇಕಾಯಿತು. ನಮ್ಮ ಕರಾವಳಿಯ ಆಡುಮಾತಿನಲ್ಲಿ ‘ಮೀನು ಒಳ್ಳೆದಿಲ್ಲ’ ಎಂಬ ಮಾತು ಧಾರಾಳವಾಗಿ ಕೇಳಿಬರುತ್ತದೆ. ಗುಣವನ್ನು ಹೇಳುವ ಪದದ ಮುಂದೆ ಹೀಗೆ ‘ಇಲ್ಲ’ ಬರುವುದುಂಟು, ‘ಚೆನ್ನಾಗಿಲ್ಲ’ ಎಂಬುದೂ ಅದೇ ಜಾತಿಯದು. ನಾಮಪದದ ಮುಂದೆ, ಇದು ಇಂಥದ್ದಲ್ಲ ಎನ್ನುವಾಗ, ‘ಅಲ್ಲ’ ತಪ್ಪುವುದಿಲ್ಲ. ಈ ಗೆರೆಯನ್ನು ಎಳೆದು ತೋರಿಸದಿದ್ದರೆ, ಮಾರುಕಟ್ಟೆಯಲ್ಲಿ ಕೇಳಿದ ಸರಿಯಾದ ಮಾತನ್ನೇ ಅವರು ತಪ್ಪೆಂದು ಎಣಿಸುವ ಸಂಭವವಿತ್ತು.

ಈಗ ಪ್ಯಾರಾದ ಮುಖ್ಯ ಗಂಟಿಗೆ ಬರುತ್ತೇನೆ. ‘ನಾನು ಮೀನು ಬೇಕು’, ‘ನಾನು ಕೊಡೆ ಇಲ್ಲ’, ‘ನನ್ನ ಜ್ವರ ಬಂತು’, ‘ಈಗ ನನ್ನ ಜ್ವರ ಅಲ್ಲ’ ಎಂಬ ನಾಲ್ಕರಲ್ಲಿಯೂ ‘ನಾನು’ ಅಥವಾ ‘ನನ್ನ’ ಎಂಬ ಪದ ತಪ್ಪು. ಹೊರನೋಟಕ್ಕೆ ಒಂದೇ ಜಾತಿಯ ತಪ್ಪಿನಂತೆ ಕಂಡರೂ ಇವುಗಳ ಮೂಲ ಒಂದಲ್ಲ. ಮೊದಲನೆಯದಕ್ಕೆ ಬಹುಪಾಲು ನಾನೇ ಹೊಣೆ. ಎರಡನೆಯ ವಾರದಲ್ಲಿ ಕೊಟ್ಟ ಪದಪಟ್ಟಿಯಲ್ಲಿ ‘ಬೇಕು’ ಎಂಬುದರ ಎದುರು ನಾನು ಬರೆದದ್ದು ‘ವಾಂಟ್’ ಎಂಬ ಒಂದೇ ಪದ. ಇಂಗ್ಲಿಷಿನ ಆ ಪದಕ್ಕೆ ಬಯಸುವವನೇ ಕರ್ತೃ, ಆದ್ದರಿಂದ ಅವರು ಅದರ ಹಿಂದೆ ‘ನಾನು’ ಇಟ್ಟರು. ಬಂಗಾಳಿಯಲ್ಲಿಯೂ ಬಯಸುವವನನ್ನೇ ಕರ್ತೃವಾಗಿಟ್ಟು ಹೇಳುವ ಒಂದು ಕ್ರಮವಿದೆ, ನನ್ನದು ಎಂಬ ರೂಪದಿಂದ ಹೇಳುವ ಇನ್ನೊಂದು ಕ್ರಮವೂ ಇದೆ. ಹಾಗಾಗಿ ಈ ತಪ್ಪು ಯಾವ ದಾರಿಯಿಂದ ಬಂತೆಂದು ಖಚಿತವಾಗಿ ಹೇಳಲಾಗದು, ಆದರೆ ಬಾಗಿಲು ತೆರೆದಿಟ್ಟದ್ದು ನನ್ನ ಪಟ್ಟಿ. ‘ನನ್ನ ಜ್ವರ ಬಂತು’ ಎಂಬುದಾದರೋ ಇಂಗ್ಲಿಷಿನಿಂದ ಬರುವಂತೆಯೇ ಇಲ್ಲ. ಇಂಗ್ಲಿಷಿನಲ್ಲಿ ಯೋಚಿಸಿದವರು ‘ನಾನು ಜ್ವರ ಇದ್ದೆ’ ಎಂದೋ ‘ನಾನು ಜ್ವರ ಪಡೆದೆ’ ಎಂದೋ ಬರೆದಾರು. ಇಲ್ಲಿಯ ‘ನನ್ನ’ ನೇರವಾಗಿ ಬಂಗಾಳಿಯದು: ಅಲ್ಲಿ ಜ್ವರ ಬಂದರೂ, ಹಸಿವಾದರೂ, ಇಷ್ಟವಾದರೂ ವಾಕ್ಯ ‘ಆಮಾರ್’ ಎಂದು, ಅಂದರೆ ‘ನನ್ನ’ ಎಂದು, ಪ್ರಾರಂಭವಾಗುತ್ತದೆ.

ಇಂಗ್ಲಿಷಿನಲ್ಲಿ ಕನ್ನಡವನ್ನು ವಿವರಿಸುವ ಕೆಲಸ ನಮ್ಮ ಜಿಲ್ಲೆಗಳಿಗೆ ಹೊಸದಲ್ಲ. ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿಯೇ ಅಚ್ಚಾಯಿತು, ಅವರು ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣ 1903ರಲ್ಲಿ ಬಂತು. ಅಂಥ ವ್ಯಾಕರಣಗಳ ‘ಡೇಟಿವ್’ ಎಂಬ ಪದ ಓದಿದವರಿಗೆ ಉಪಯುಕ್ತ, ನಮ್ಮ ಶಾಲೆಗಳ ‘ಚತುರ್ಥೀ ವಿಭಕ್ತಿ’ ನಮಗೆ ಉಪಯುಕ್ತ. ಆದರೆ ಇಡೀ ದಿನ ರೋಗಿಗಳ ಕೈಕಾಲು ನೀವಿ, ವ್ಯಾಯಾಮ ಮಾಡಿಸಿ, ಸಂಜೆ ಆರು ಗಂಟೆಗೆ ಬಂದು ಕೂರುವವರಿಗೆ ಅವೆರಡೂ ಹೊರೆಯೇ. ನಾನು ಬೇರೊಂದು ಮಾರ್ಗ ಹಿಡಿದೆ. ಕನ್ನಡ ಈ ಮಾತನ್ನು ನೋಡುವ ಬಗೆಯನ್ನೇ ಇಂಗ್ಲಿಷಿಗೆ ಇಳಿಸಿ, ‘ದ ಫೀವರ್ ಕೇಮ್ ಟು ಮಿ’ ಎಂದು ಅಂಚಿನಲ್ಲಿ ಬರೆದೆ. ಇಂಗ್ಲಿಷಾಗಿ ಅದು ವಿಚಿತ್ರ, ಆದರೆ ಕನ್ನಡದಲ್ಲಿ ನಡೆಯುವುದು ಅದೇ. ಜ್ವರ, ಹಸಿವೆ, ನಿದ್ದೆ, ಸಿಟ್ಟು ಇವೆಲ್ಲ ಹೊರಗಿನಿಂದ ಬಂದು ನನ್ನನ್ನು ತಲಪುತ್ತವೆ, ನಾನು ಅವುಗಳ ಗುರಿ. ಬೇಕಾದದ್ದೂ ಗೊತ್ತಿರುವುದೂ ಹಾಗೆಯೇ ನನ್ನನ್ನು ತಲಪುವಂಥವು. ಆದ್ದರಿಂದ ನನಗೆ ಬೇಕು, ನನಗೆ ಗೊತ್ತು, ನನಗೆ ಜ್ವರ ಬಂತು.

ಈ ವಿವರಣೆ ಅವರಿಗೆ ಬಹಳ ಹಿಡಿಸಿತು. ಎಷ್ಟು ಹಿಡಿಸಿತೆಂದರೆ, ಅಲ್ಲಿಯೇ ಕುಳಿತು ಎರಡನೆಯದನ್ನೂ ತಿದ್ದಿ ‘ನನಗೆ ಕೊಡೆ ಇರಲಿಲ್ಲ’ ಎಂದು ಬರೆದು ತೋರಿಸಿದರು. ನಾನು ಹೆದರಿದ್ದು ಇದಕ್ಕೇ. ಇಂಗ್ಲಿಷಿನ ‘ಹ್ಯಾವ್’ ಎಂಬ ಒಂದು ಪದ ಕನ್ನಡದಲ್ಲಿ ಒಂದೇ ರೂಪ ತಾಳುವುದಿಲ್ಲ. ‘ನನಗೆ ಇಬ್ಬರು ತಮ್ಮಂದಿರಿದ್ದಾರೆ’, ‘ನನಗೆ ಸಮಯವಿಲ್ಲ’, ‘ಆನೆಗೆ ಸೊಂಡಿಲಿದೆ’, ‘ಈ ಮನೆಗೆ ಎರಡು ಬಾಗಿಲು’ ಎನ್ನುತ್ತೇವೆ, ಆದರೆ ಕೈಯಲ್ಲಿಯೋ ಚೀಲದಲ್ಲಿಯೋ ಇರಬಹುದಾದ ಕೊಡೆ, ಪೆನ್ನು, ಚಿಲ್ಲರೆ ಹಣಕ್ಕೆ ‘ನನ್ನ ಹತ್ತಿರ’ ಎನ್ನುತ್ತೇವೆ. ಬಸ್ಸಿನಲ್ಲಿ ಕಂಡಕ್ಟರ್ ಕೇಳುವುದು “ಚಿಲ್ಲರೆ ಉಂಟಾ ನಿಮ್ಮ ಹತ್ರ?” ಎಂದೇ ಹೊರತು ನಿಮಗೆ ಉಂಟಾ ಎಂದಲ್ಲ. ನೆಂಟರು, ಅಂಗಗಳು, ದೇಹಸ್ಥಿತಿ ಇವು ನಮ್ಮಿಂದ ಬೇರ್ಪಡುವಂಥವಲ್ಲ, ಕೊಡೆಯನ್ನು ಬಸ್ಸಿನಲ್ಲಿ ಮರೆತು ಇಳಿಯಬಹುದು. ಈ ಗೆರೆ ಎಲ್ಲ ಕಡೆಯೂ ಅಷ್ಟು ನಿಖರವಲ್ಲ, ಜಮೀನಿಗೆ ‘ನನಗೆ ಎರಡು ಎಕರೆ ಇದೆ’ ಎಂದೂ ಹೇಳುವುದುಂಟು. ಆದರೂ ಎತ್ತಿಕೊಂಡು ಹೋಗಬಹುದಾದ ವಸ್ತುವಿಗೆ ‘ಹತ್ತಿರ’ ಎಂದಿಟ್ಟುಕೊಂಡರೆ ಕಲಿಯುವವರು ತಪ್ಪುವುದು ಅಪರೂಪ.

ಇದನ್ನೂ ಇಂಗ್ಲಿಷಿನಲ್ಲಿ ಹೇಳಿ ಮುಗಿಸುವ ಹೊತ್ತಿಗೆ ಅವರೇ, “ನಮ್ಮಲ್ಲಿಯೂ ಕೊಡೆಗೆ ಬೇರೆ ಇದೆ ಮೇಡಂ” ಎಂದರು. ಬಂಗಾಳಿಯಲ್ಲಿ ಜ್ವರಕ್ಕೆ ‘ಆಮಾರ್’ ಸಾಕು, ಕೊಡೆಗೆ ‘ಆಮಾರ್ ಕಾಛೇ’ ಬೇಕು, ಮತ್ತು ‘ಕಾಛೇ’ ಎಂದರೆ ಹತ್ತಿರ ಎಂದೇ ಅರ್ಥ. ಕನ್ನಡದ ‘ನನ್ನ ಹತ್ತಿರ’ ಎಂಬುದು ಪದಕ್ಕೆ ಪದವಾಗಿ ಅಲ್ಲಿತ್ತು. ಅವರು ತಮ್ಮ ಪುಸ್ತಕದಲ್ಲಿ ಎರಡು ಸಾಲು ಬರೆದುಕೊಂಡರು: ‘ಆಮಾರ್’ ಬಂದರೆ ‘ನನಗೆ’, ‘ಆಮಾರ್ ಕಾಛೇ’ ಬಂದರೆ ‘ನನ್ನ ಹತ್ತಿರ’. ಮೊದಲನೆಯ ಸಾಲಿಗೆ ನಾನು ಒಂದು ಷರತ್ತು ಸೇರಿಸಿದೆ. ‘ಆಮಾರ್’ ಎಂಬುದು ಮುಂದಿನ ನಾಮಪದಕ್ಕೆ ಅಂಟಿಕೊಂಡು, ನನ್ನ ಪುಸ್ತಕ, ನನ್ನ ಕೋಣೆ ಎಂಬಂತೆ ಒಡೆತನವನ್ನಷ್ಟೇ ಹೇಳುವಾಗ ಅದು ‘ನನ್ನ’ ಆಗಿಯೇ ಉಳಿಯುತ್ತದೆ. ಏನಾದರೂ ಬಂತು, ಆಯಿತು, ಬೇಕು, ಇದೆ ಎಂದು ವಾಕ್ಯ ಮುಗಿಯುವಾಗ ಮಾತ್ರ ‘ನನಗೆ’ ಎಂದು ತಿರುಗಿಸಬೇಕು.

ಆಗ ಅವರು ಕೇಳಿದ ಪ್ರಶ್ನೆ ಈ ಇಡೀ ಸಂಜೆಯಲ್ಲಿ ಅತ್ಯಂತ ಸೂಕ್ಷ್ಮವಾದದ್ದು. ಮರುದಿನ ಬೆಳಿಗ್ಗೆ ಓನರ್ ಅಮ್ಮ ಹಣೆ ಮುಟ್ಟಿ ನೋಡಿ “ನಿನ್ನ ಜ್ವರ ಇಳೀತಲ್ಲ” ಎಂದಿದ್ದರಂತೆ. ಅಮ್ಮನ ಮಾತಿನಲ್ಲಿ ‘ನಿನ್ನ’ ಹೇಗೆ ಬಂತು, ‘ನಿನಗೆ’ ಏಕೆ ಬರಲಿಲ್ಲ? ಅಮ್ಮ ತಪ್ಪು ಹೇಳಿರಲಿಲ್ಲ. ಜ್ವರ ಬರುವಾಗ ಅದಿನ್ನೂ ನನ್ನದಲ್ಲ, ನನ್ನ ಕಡೆಗೆ ಬರುತ್ತಿರುವಂಥದ್ದು, ಆದ್ದರಿಂದ ‘ನನಗೆ’. ಬಂದು ಮೈಯಲ್ಲಿ ಕುಳಿತ ಮೇಲೆ ಅದು ನನ್ನ ಜ್ವರ, ಆದ್ದರಿಂದ ನನ್ನ ಜ್ವರ ಏರಬಹುದು, ಇಳಿಯಬಹುದು. ಇದನ್ನು ವಿವರಿಸಲು ನನಗೆ ಇಂಗ್ಲಿಷಿನಲ್ಲಿ ಯಾವ ಪಾರಿಭಾಷಿಕ ಪದವೂ ಬೇಕಾಗಲಿಲ್ಲ. ಒಂದು ಬಾಣದ ಗುರುತು ಹಾಕಿ, ಬರುವ ಜ್ವರಕ್ಕೆ ಬಾಣ, ಇರುವ ಜ್ವರಕ್ಕೆ ಒಡೆತನ ಎಂದು ತೋರಿಸಿದೆ.

ಕಾಲದ ತಪ್ಪುಗಳು ಮೂರಿದ್ದವು: ‘ಉಂಟು’, ‘ಬೇಕು’, ‘ಇಲ್ಲ’. ಇವುಗಳಲ್ಲಿ ‘ಉಂಟು’ ಎಂಬುದನ್ನು ಕುರಿತು ಎರಡು ಮಾತು ಹೇಳಲೇಬೇಕು. ಬಯಲುಸೀಮೆಯ ಕನ್ನಡವನ್ನೇ ಅಳತೆಗೋಲಾಗಿ ಹಿಡಿಯುವವರು ‘ಉಂಟು’ ಕಂಡ ಕೂಡಲೇ ಅದನ್ನು ಹೊಡೆದುಹಾಕಿ ‘ಇದೆ’ ಎಂದು ತಿದ್ದುವುದನ್ನು ನೋಡಿದ್ದೇನೆ. ಇದು ಸರಿಯಲ್ಲ. ‘ಉಂಟು’ ಅಪ್ಪಟ ಕನ್ನಡ, ಕರಾವಳಿಯ ಬೀದಿಯಲ್ಲಿ ಅವರ ಕಿವಿಗೆ ದಿನವೂ ಬೀಳುವ ಪದ, ಅದನ್ನು ಅವರು ಬರಹಕ್ಕೆ ತಂದದ್ದು ಕಿವಿ ತೆರೆದಿದೆ ಎಂಬುದಕ್ಕೆ ಗುರುತು. ‘ಚಾ’ ಕೂಡ ಹಾಗೆಯೇ, ಅದನ್ನು ನಾನು ಮುಟ್ಟಲಿಲ್ಲ. ಆದರೆ ಹೋದ ವಾರ ಕಂಡ ಮೀನಿನ ಬಗ್ಗೆ ಹೇಳುವಾಗ ‘ಉಂಟು’ ಸಲ್ಲದು, ಏಕೆಂದರೆ ಆ ಪದಕ್ಕೆ ತನ್ನದೇ ಆದ ಭೂತಕಾಲದ ರೂಪವಿಲ್ಲ, ‘ಇತ್ತು’ ಎಂಬುದನ್ನು ‘ಇರು’ ಧಾತುವಿನಿಂದ ತರಬೇಕು. ‘ಬೇಕು’ ಮತ್ತು ‘ಇಲ್ಲ’ ಕೂಡ ಒಂಟಿಯಾಗಿ ನಿಂತಾಗ ಕಳೆದ ಕಾಲವನ್ನು ಹೊರಲಾರವು, ಅವೂ ‘ಇರು’ವನ್ನು ಕರೆದು ‘ಬೇಕಿತ್ತು’, ‘ಇರಲಿಲ್ಲ’ ಎಂದಾಗುತ್ತವೆ. ಮೂರು ತಪ್ಪಿಗೂ ಒಂದೇ ವಾಕ್ಯದ ಇಂಗ್ಲಿಷ್ ಟಿಪ್ಪಣಿ ಸಾಕಾಯಿತು.

ಧ್ವನಿಯ ತಪ್ಪುಗಳಲ್ಲಿ ‘ಬಾರ’ ಸುಲಭದ್ದು. ಬಂಗಾಳಿಯಲ್ಲಿ ಬ ಮತ್ತು ವ ಒಂದೇ ಅಕ್ಷರದಲ್ಲಿ ಸೇರಿಹೋಗಿವೆ, ಸೋಮವಾರದಂಥ ದಿನದ ಹೆಸರುಗಳಲ್ಲಿ ಬರುವ ‘ವಾರ’ಕ್ಕೆ ಅವರು ‘ಬಾರ್’ ಎಂದೇ ಹೇಳುತ್ತಾರೆ. ಅದನ್ನು ತಿಳಿಸಿದೊಡನೆ ಅವರೇ ತಮ್ಮ ಹಳೆಯ ಪುಟಗಳನ್ನು ತಿರುವಿ ಇಂಥ ಇನ್ನೂ ನಾಲ್ಕು ಕಡೆ ತಿದ್ದಿಕೊಂಡರು. ‘ಮಲೆ ಬಂತು’ ಎಂಬುದು ಕಠಿಣ, ಏಕೆಂದರೆ ಳ ಎಂಬ ಧ್ವನಿಯೇ ಅವರ ಭಾಷೆಯಲ್ಲಿಲ್ಲ. ಕೇಳಿಸದ ಭೇದವನ್ನು ಬರೆಯುವುದಾದರೂ ಹೇಗೆ? ಹಿಂದೊಮ್ಮೆ ನಾನು ಇಂಗ್ಲಿಷಿನಲ್ಲಿ ಇದನ್ನು ‘ಹಾರ್ಡ್ ಎಲ್’ ಎಂದು ವಿವರಿಸಿದ್ದೆ. ಗಟ್ಟಿ ಎಂದರೆ ಒತ್ತಿ ಹೇಳಬೇಕೆಂದು ತಿಳಿದು ಅವರು ‘ಮಲ್ಲೆ’ ಎನ್ನತೊಡಗಿದ್ದರು. ಈ ಸಲ ಆ ಪದವನ್ನು ಬಿಟ್ಟು, ಅವರ ಭಾಷೆಯಲ್ಲಿಯೂ ಇರುವ ಡ ಎಂಬುದನ್ನು ಉಚ್ಚರಿಸಲು ಹೇಳಿದೆ. ನಾಲಗೆಯ ತುದಿ ಮಡಚಿ ಮೇಲಕ್ಕೆ ತಾಗಿದ ಆ ಜಾಗದಲ್ಲಿಯೇ ಅದನ್ನು ನಿಲ್ಲಿಸಿ, ಉಸಿರನ್ನು ನಾಲಗೆಯ ಎರಡೂ ಬದಿಯಿಂದ ಬಿಡಿ ಎಂದೆ. ಮೂರನೆಯ ಪ್ರಯತ್ನಕ್ಕೆ ಳ ಬಂತು. ಭೇದ ಕಿವಿಗೆ ಕೂರುವುದಕ್ಕಾಗಿ ‘ಹುಲಿ, ಹುಳಿ’ ಎಂಬ ಜೋಡಿಯನ್ನು ಕೊಟ್ಟೆ. ಅಷ್ಟಮಿಯ ಸಮಯದಲ್ಲಿ ಉಡುಪಿಯ ರಸ್ತೆಯಲ್ಲಿ ಹುಲಿವೇಷ ಕಂಡವರು, ಮಧ್ಯಾಹ್ನ ಊಟಕ್ಕೆ ಹುಳಿ ಉಂಡವರು ಈ ಎರಡನ್ನು ಅದಲುಬದಲು ಮಾಡಲಾರರು.

ಕೊನೆಯದಾಗಿ ಉಳಿದದ್ದು ಎರಡು ‘ಮತ್ತು’ಗಳಿಂದ ಕಟ್ಟಿದ ಐದನೆಯ ವಾಕ್ಯ. ಇದನ್ನು ನಾನು ಕೆಂಪು ಶಾಯಿಯಲ್ಲಿ ಗುರುತಿಸದೆ ಪೆನ್ಸಿಲಿನಲ್ಲಿ ಗೆರೆ ಎಳೆದೆ, ಏಕೆಂದರೆ ಇದರಲ್ಲಿ ವ್ಯಾಕರಣ ಕೆಟ್ಟಿಲ್ಲ, ನಡಿಗೆ ಮಾತ್ರ ಕನ್ನಡದ್ದಲ್ಲ. ಒಬ್ಬರೇ ಒಂದರ ಹಿಂದೆ ಒಂದು ಕೆಲಸ ಮಾಡಿದಾಗ ಕನ್ನಡದಲ್ಲಿ ಕೊನೆಯ ಕ್ರಿಯೆಯನ್ನಷ್ಟೇ ಪೂರ್ತಿ ಮುಗಿಸುತ್ತೇವೆ, ಮುಂಚಿನವನ್ನು ಅರ್ಧಕ್ಕೆ ನಿಲ್ಲಿಸುತ್ತೇವೆ: ‘ಸಮುದ್ರ ನೋಡಿ, ಚಾ ಕುಡಿದು, ಬಸ್ಸು ಹತ್ತಿದೆವು.’ ಬಂಗಾಳಿಯಲ್ಲಿಯೂ ಇದಕ್ಕೆ ಸರಿಸಾಟಿಯಾದ ರೂಪಗಳಿವೆ, ಕೇಳಿದಾಗ ಅವರು ‘ದೇಖೇ’, ‘ಖೇಯೇ’ ಎಂದು ತಡವಿಲ್ಲದೆ ಹೇಳಿದರು. ಇದರ ಮಿತಿಯನ್ನು ನಾನು ಆ ದಿನ ಹೇಳದೆ ಬಿಟ್ಟೆ. ಹೊತ್ತಾಗಿತ್ತು, ಒಂದೇ ಕೂರಿಕೆಯಲ್ಲಿ ಇನ್ನಷ್ಟು ತುಂಬುವುದು ಬೇಡವೆನಿಸಿತು.

ತಿದ್ದಿದ ಪ್ಯಾರಾವನ್ನು ನಾನು ಬರೆದುಕೊಡಲಿಲ್ಲ. ಅಂಚಿನ ಟಿಪ್ಪಣಿಗಳನ್ನು ನೋಡಿಕೊಂಡು ಅವರೇ ಮನೆಯಲ್ಲಿ ಹೊಸದಾಗಿ ಬರೆಯಬೇಕೆಂದು ಹೇಳಿ ಕಳುಹಿಸಿದೆ. ನಾಲ್ಕು ದಿನ ಕಳೆದು ಅವರು ತಂದದ್ದು ಇದು:

“ಹೋದ ವಾರ ನಾನು ಮಲ್ಪೆಗೆ ಹೋದೆ. ನನ್ನ ಓನರ್ ಅಮ್ಮ ಸಹ ಬಂದರು. ಅಲ್ಲಿ ತುಂಬಾ ಮೀನು ಇತ್ತು. ನನಗೆ ಮೀನು ಬೇಕಿತ್ತು, ಆದರೆ ಅಮ್ಮ ಇದು ತಾಜಾ ಮೀನಲ್ಲ ಎಂದು ಹೇಳಿದರು. ನಾವು ಸಮುದ್ರ ನೋಡಿ, ಚಾ ಕುಡಿದು, ಬಸ್ಸು ಹತ್ತಿ ಮಳೆ ಬಂತು. ನನ್ನ ಹತ್ತಿರ ಕೊಡೆ ಇರಲಿಲ್ಲ. ಮನೆಗೆ ಬಂದ ಮೇಲೆ ನನಗೆ ಜ್ವರ ಬಂತು. ಈಗ ನನಗೆ ಜ್ವರ ಇಲ್ಲ.”

ಹದಿನಾಲ್ಕು ಕಡೆಯೂ ಸರಿಯಾಗಿತ್ತು, ಹದಿನೈದನೆಯದೊಂದು ಹೊಸದಾಗಿ ಹುಟ್ಟಿತ್ತು. ನಾನು ಹೇಳದೆ ಬಿಟ್ಟ ಮಿತಿಯೇ ಅಲ್ಲಿ ತಪ್ಪಾಗಿ ಬಂದಿತ್ತು. ಎರಡು ವಾಕ್ಯಗಳನ್ನು ಒಂದು ಮಾಡುವ ಉತ್ಸಾಹದಲ್ಲಿ ಅವರು ಮಳೆಯನ್ನೂ ಆ ಸರಪಣಿಗೆ ಸೇರಿಸಿಬಿಟ್ಟಿದ್ದರು. ಹಾಗೆ ಬರೆದಾಗ ಸಮುದ್ರ ನೋಡಿದ್ದೂ, ಚಾ ಕುಡಿದದ್ದೂ, ಬಸ್ಸು ಹತ್ತಿದ್ದೂ ಮಳೆಯೇ ಎಂದಾಗುತ್ತದೆ. ಅರ್ಧಕ್ಕೆ ನಿಲ್ಲಿಸಿದ ಕ್ರಿಯೆಗಳ ಕರ್ತೃವೂ ಕೊನೆಯ ಕ್ರಿಯೆಯ ಕರ್ತೃವೂ ಸಾಮಾನ್ಯವಾಗಿ ಒಬ್ಬರೇ ಆಗಿರಬೇಕು, ಕರ್ತೃ ಬದಲಾಗುವಾಗ ‘ಹತ್ತುವಾಗ’ ಎಂದೋ ‘ಹತ್ತಿದ ಮೇಲೆ’ ಎಂದೋ ಬರಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಸ್ವಲ್ಪ ಹೊತ್ತು ತಮ್ಮ ವಾಕ್ಯವನ್ನೇ ನೋಡುತ್ತ ಕುಳಿತು, ‘ಹತ್ತಿ’ ಎಂಬುದನ್ನು ಹೊಡೆದು, ಅದರ ಮೇಲೆ ‘ಹತ್ತುವಾಗ’ ಎಂದು ಬರೆದರು. ಆಮೇಲೆ ವಾಕ್ಯವನ್ನು ಗಟ್ಟಿಯಾಗಿ ಓದಿದರು. ಪುಟದಲ್ಲಿ ‘ಮಳೆ’ ಸರಿಯಾಗಿತ್ತು, ಬಾಯಲ್ಲಿ ಇನ್ನೂ ‘ಮಲೆ’ ಎಂದೇ ಬಂತು. ನಾಲಗೆಯನ್ನು ಡ ಇರುವ ಜಾಗಕ್ಕೆ ಒಯ್ದು ಇನ್ನೊಮ್ಮೆ ಓದುವಂತೆ ಹೇಳಿದೆ.